ಕೆಲಸ ಬಿಟ್ಟ ಮೇಲೆ ಅಪ್ಪ ಯಾಕೆ ಮಂಕಾದರು?

“ಅಪ್ಪ ರಿಟೈರ್ ಆಗಿ ಎಂಟು ತಿಂಗಳಾಯ್ತು. ಮೊದಲು ಖುಷಿಯಾಗಿದ್ದರು, ಈಗ ಮಂಕಾಗಿದ್ದಾರೆ. ಯಾಕೆ?”

ಮೊದಲ ಕೆಲವು ತಿಂಗಳು ರಜೆಯ ಹಾಗಿರುತ್ತದೆ, ಆಮೇಲೆ ಎಷ್ಟೋ ಜನರಿಗೆ ಮನಸ್ಸು ಕುಸಿಯುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1970ರ ದಶಕದಲ್ಲೇ ಈ ಹಂತಗಳನ್ನು ಗುರುತಿಸಿದ್ದರು.

ನಮ್ಮಣ್ಣ ಲೆಕ್ಕಪತ್ರ ನೋಡುತ್ತಿದ್ದವರು. ರಿಟೈರ್ ಆದ ಮೇಲೂ ಬೆಳಿಗ್ಗೆ ಇಸ್ತ್ರಿ ಶರ್ಟ್ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ, ಸುಮ್ನೆ ಫೋನ್ ಪಕ್ಕ ಕೂರುತ್ತಿದ್ದರು. ‘ಇದು ಸರಿಯಾ ನೋಡಿ ಸಾರ್’ ಅಂತ ಕೇಳುವವರು ಇಲ್ಲದ್ದೇ ಅವರ ಕೊರಗು. ವಾಕಿಂಗ್, ಟಿವಿ ಅದನ್ನು ತುಂಬಲಿಲ್ಲ. ಆಮೇಲೆ ವಾರಕ್ಕೆರಡು ಸಂಜೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದರು. ಮಕ್ಕಳು ಕಾಯುತ್ತಾರೆ ಅಲ್ವಾ, ತಪ್ಪಿಸುವ ಹಾಗಿಲ್ಲ. ಚೇತರಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು.

ಆಫೀಸಿನಲ್ಲಿ ಜನ ಯಾವುದಕ್ಕೆ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು ಅಂತ ಅಪ್ಪನನ್ನೇ ಕೇಳಿ, ಅಲ್ಲಿಂದ ಹುಡುಕಿ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.