ಕುಣಿದಾಗ ಮಾತ್ರ ಕಾಣುವ ಗೆರೆಗಳು

ಪ್ರಶ್ನೆ: 1996ರಲ್ಲಿ ಮಾಟುಂಗದ ಹಾಲ್ ಒಂದರಲ್ಲಿ ನಡೆದ ಯಕ್ಷಗಾನದಲ್ಲಿ ನಮ್ಮ ಅಪ್ಪ ಅಭಿಮನ್ಯು ವೇಷ ಮಾಡಿದ್ದರು. ಆ ವಿಎಚ್‌ಎಸ್ ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಕೊಟ್ಟು ಡಿಜಿಟಲ್ ಮಾಡಿಸಿದೆ. ಎರಡು ಗಂಟೆಯ ಆಟಕ್ಕೆ 26 ಜಿಬಿಯ ಎವಿಐ ಫೈಲ್ ಬಂತು. ಅದನ್ನು 720ಪಿ ಎಂಪಿ4 ಮಾಡಿ ಟಿವಿಗೆ ಹಾಕಿದರೆ, ಅಪ್ಪ ನಿಂತಾಗ ಚೆನ್ನಾಗಿದೆ, ಕುಣಿಯುವಾಗ ಕೈಕಾಲಿನ ಅಂಚೆಲ್ಲ ಗೆರೆ ಗೆರೆ. ಈ ಎಂಪಿ4 ಸರಿ ಮಾಡಬಹುದಾ ಸರ್?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎಂಪಿ4 ಆಸೆ ಬಿಡಿ. ಎವಿಐ ಅಳಿಸಿಲ್ಲ ತಾನೇ? ಹಾಗಿದ್ದರೆ ಏನೂ ಹಾಳಾಗಿಲ್ಲ.

ನಮ್ಮ ಕಡೆಯ ವಿಎಚ್‌ಎಸ್ ಪಾಲ್ ಪದ್ಧತಿಯದು. ಸೆಕೆಂಡಿಗೆ 25 ಫ್ರೇಮ್ ಎನ್ನುತ್ತೇವೆ, ಆದರೆ ಕ್ಯಾಮೆರಾ ತೆಗೆದದ್ದು 50 ಅರ್ಧ ಚಿತ್ರಗಳನ್ನು. ಒಂದರಲ್ಲಿ ಸಮ ಸಾಲುಗಳು, ಮುಂದಿನದರಲ್ಲಿ ಬೆಸ ಸಾಲುಗಳು. ಈ ಅರ್ಧಕ್ಕೆ ಫೀಲ್ಡ್ ಎನ್ನುತ್ತಾರೆ, ಒಂದೊಂದರಲ್ಲಿ 288 ಸಾಲು. ಹಳೆಯ ಡಬ್ಬಿ ಟಿವಿ ಇವನ್ನು ಒಂದಾದ ಮೇಲೊಂದರಂತೆ ಬಿಡಿಸುತ್ತಿತ್ತು. ಈಗಿನ ಪರದೆ ಎರಡನ್ನೂ ಹೆಣೆದು ಒಟ್ಟಿಗೇ ತೋರಿಸುತ್ತದೆ. ನಿಮ್ಮ ತಂದೆಯವರ ಕೈ ದಿಗಿಣದಲ್ಲಿ ಸೆಕೆಂಡಿಗೆ 2 ಮೀಟರ್ ಓಡಿತು ಅನ್ನಿ. ಎರಡು ಫೀಲ್ಡ್‌ಗಳ ನಡುವಿನ 1/50 ಸೆಕೆಂಡಿನಲ್ಲಿ ಅದು 4 ಸೆಂ.ಮೀ. ಸರಿದಿರುತ್ತದೆ. 4 ಮೀಟರ್ ಅಗಲದ ರಂಗಸ್ಥಳ 720 ಪಿಕ್ಸೆಲ್‌ನಲ್ಲಿ ತುಂಬಿದ್ದರೆ ಅದು ಸುಮಾರು 7 ಪಿಕ್ಸೆಲ್. ನೀವು ಕಂಡ ಬಾಚಣಿಗೆ ಹಲ್ಲಿನ ಉದ್ದ ಅಷ್ಟೇ. ನಿಂತಾಗ ಎರಡೂ ಫೀಲ್ಡ್ ಒಂದರ ಪಕ್ಕ ಒಂದು ಸರಿಯಾಗಿ ಕೂರುತ್ತವೆ, ಹಲ್ಲು ಮೂಡುವುದೇ ಇಲ್ಲ.

ಎವಿಐಯಲ್ಲಿ ಪ್ರತಿ ಹಲ್ಲೂ ಒಂದೇ ಸಾಲಿನ ದಪ್ಪ, ಹಾಗಾಗಿ ಎರಡು ಫೀಲ್ಡ್‌ಗಳನ್ನು ಬಿಡಿಸಿಕೊಳ್ಳಬಹುದು. ನೀವು 576 ಸಾಲನ್ನು 720ಕ್ಕೆ ಹಿಗ್ಗಿಸಿದಾಗ ಅಕ್ಕಪಕ್ಕದ ಸಾಲುಗಳು ಒಂದರೊಳಗೊಂದು ಬೆರೆತವು. ಮೇಲಿಂದ ಕಂಪ್ರೆಷನ್ ಆ ಹಲ್ಲುಗಳನ್ನು ಸೂಕ್ಷ್ಮ ವಿವರ ಎಂದುಕೊಂಡು ಅವುಗಳಿಗೇ ಬಿಟ್‌ಗಳನ್ನು ಸುರಿದು, ಸಾಲದಾದಾಗ ಮಸುಕು ಮಾಡಿತು. ಮೊಸರಾದ ಮೇಲೆ ಹಾಲಿಗೆ ನೀರು ಎಷ್ಟು ಬೆರೆತಿತ್ತು ಎಂದು ಕೇಳಿದ ಹಾಗೆ. ಅದಕ್ಕೇ ಕ್ರಮ ಮುಖ್ಯ: ಮೊದಲು ಹೆಣೆದ ಫೀಲ್ಡ್‌ಗಳನ್ನು ಬಿಡಿಸುವುದು, ಅಂದರೆ ಡಿಇಂಟರ್‌ಲೇಸ್, ಆಮೇಲೆ ಹಿಗ್ಗಿಸುವುದು, ಕೊನೆಗೆ ಕಂಪ್ರೆಸ್. ಫೈಲ್ ಪಡೆದಾಗ ಕುಣಿತದ ಒಂದು ಕ್ಷಣ ನಿಲ್ಲಿಸಿ ನೋಡಿ. ಹಲ್ಲು ಒಂದೇ ಸಾಲಿನ ದಪ್ಪವಿದ್ದರೆ ಸರಿ. ಕೆಲವು ದಪ್ಪ, ಕೆಲವು ಮಸುಕು ಇದ್ದರೆ ಅಂಗಡಿಯವರೇ ಹಿಗ್ಗಿಸಿ ಕೊಟ್ಟಿದ್ದಾರೆ, ಕ್ಯಾಸೆಟ್ ಮತ್ತೆ ಓಡಿಸಬೇಕು.

ಇನ್ನೊಂದು ತೊಡಕು, ಯಾವ ಫೀಲ್ಡ್ ಮೊದಲು ಎಂಬುದು. ಗಂಟೆಗೆ 13 ಜಿಬಿ ಅಂದರೆ ನಿಮ್ಮದು ಬಹುತೇಕ ಡಿವಿ ಫೈಲ್, ಅದರಲ್ಲಿ ಕೆಳಗಿನ ಫೀಲ್ಡ್ ಮೊದಲು. ಡಿವಿಡಿಗಳಲ್ಲಿ, ಬೇರೆ ಕ್ಯಾಪ್ಚರ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೇಲಿನದು. ಎರಡು ಗಂಟೆಯನ್ನೂ ಒಂದೇ ಸಲ ಹಾಕಬೇಡಿ, ಜೋರು ಕುಣಿತದ 10 ಸೆಕೆಂಡ್ ಸಾಕು. ವಿಡಿಯೋ ಪರಿವರ್ತಿಸುವ `ffmpeg` ಪ್ರೋಗ್ರಾಂಗೆ ಈ ಕಮಾಂಡ್ ಕೊಡಿ:

```
ffmpeg -ss 00:41:00 -t 10 -i ata.avi \
 -vf "bwdif=send_field:bff:all,scale=960:720,setsar=1" \
 -c:v libx264 -crf 18 -preset slow -pix_fmt yuv420p \
 -c:a aac -b:a 192k test.mp4
```

ಕುಣಿತ ನೀರಿನಂತೆ ಹರಿದರೆ ಸರಿ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗಿದರೆ ಕ್ರಮ ತಲೆಕೆಳಗು, `bff` ಜಾಗದಲ್ಲಿ `tff` ಹಾಕಿ. ಒಂದೇ ಫ್ರೇಮ್ ನಿಲ್ಲಿಸಿ ನೋಡಿದರೆ ಈ ತಪ್ಪು ಗೊತ್ತಾಗುವುದಿಲ್ಲ, ಓಡಿಸಿಯೇ ನೋಡಬೇಕು. ನಾನು ಒಮ್ಮೆ ಸ್ಟಿಲ್ ನೋಡಿ ಖುಷಿಪಟ್ಟು, ನೆಂಟರ ಇಡೀ ಮದುವೆ ವಿಡಿಯೋವನ್ನು ನಡುಗಿಸಿಕೊಟ್ಟಿದ್ದೇನೆ. ಪರೀಕ್ಷೆ ಪಾಸಾದ ಮೇಲೆ `-ss 00:41:00 -t 10` ತೆಗೆದು ಪೂರ್ತಿ ಓಡಿಸಿ.

ಇಲ್ಲಿ `send_field` ಪ್ರತಿ ಫೀಲ್ಡ್‌ನಿಂದಲೂ ಒಂದು ಪೂರ್ಣ ಚಿತ್ರ ಕಟ್ಟುತ್ತದೆ, ಸೆಕೆಂಡಿಗೆ 50. `send_frame` ಎಂದರೆ 25 ಮಾತ್ರ, ಚಲನೆಯ ಅರ್ಧ ಪಾಲು ಹೋಯಿತು. ಮದುವೆಯಲ್ಲಿ ಊಟದ ಪಂಕ್ತಿ ತೋರಿಸುವುದಾದರೆ ಪರವಾಗಿಲ್ಲ, ಪುಂಡುವೇಷದ ದಿಗಿಣಕ್ಕೆ ಅದು ಅನ್ಯಾಯ. 960×720 ಹಾಕಿರುವುದಕ್ಕೂ ಕಾರಣವಿದೆ: ಯೂಟ್ಯೂಬ್ 720ಪಿಗಿಂತ ಕಡಿಮೆ ಅಳತೆಗೆ 50 ಫ್ರೇಮ್ ಉಳಿಸುವುದಿಲ್ಲ. ಹೊಸ ವಿವರ ಹುಟ್ಟುತ್ತದೆ ಎಂದುಕೊಳ್ಳಬೇಡಿ. ಟಿವಿ ತುಂಬಲೆಂದು 16:9ಕ್ಕೆ ಎಳೆದರಂತೂ ಅಭಿಮನ್ಯು ಘಟೋತ್ಕಚನಾಗುತ್ತಾನೆ.

ಎಲ್ಲ ಸರಿಯಾದ ಮೇಲೂ ಹಿಂದಿನ ಬ್ಯಾನರಿನ ಅಕ್ಷರಗಳಂಥ ತೆಳು ಅಡ್ಡಗೆರೆಗಳು ಸ್ವಲ್ಪ ಮಿಣುಕಬಹುದು, ಒಂದು ಫೀಲ್ಡ್‌ನಲ್ಲಿದ್ದ ಗೆರೆ ಮುಂದಿನದರಲ್ಲಿ ಇರುವುದಿಲ್ಲವಲ್ಲ. ಅದು ಕಣ್ಣಿಗೆ ಚುಚ್ಚಿದರೆ `QTGMC` ಎಂಬ ಇನ್ನೊಂದು ಡಿಇಂಟರ್‌ಲೇಸ್ ಸ್ಕ್ರಿಪ್ಟ್ ಇದೆ, ತುಂಬ ನಿಧಾನ, ಹಾಕಿಕೊಳ್ಳಲೂ ತಲೆನೋವು. ಚೌಕಟ್ಟಿನ ತೀರಾ ಕೆಳಗೆ ಕುಣಿಯುವ ನಾಲ್ಕಾರು ಸಾಲುಗಳಿಗೂ ಇಂಟರ್‌ಲೇಸ್‌ಗೂ ಸಂಬಂಧವಿಲ್ಲ. ವಿಸಿಆರ್ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಳೆಯ ಟಿವಿಯಲ್ಲಿ ಅಂಚಿನ ಹಿಂದೆ ಅಡಗಿರುತ್ತಿತ್ತು, ಈಗ ಕಾಣುತ್ತದೆ. ನಾನು ಅಲ್ಲಿಗೊಂದು ಕಪ್ಪು ಪಟ್ಟಿ ಹಾಕಿಬಿಡುತ್ತೇನೆ.