ದವಡೆಯ ಮೊಡವೆ, ಒಣಗಿದ ಚರ್ಮ, ಕಣ್ಣಂಚಿನ ಗೆರೆ

ಪ್ರಶ್ನೆ: ನನಗೆ 34, ಹಾಸನದವಳು. ದವಡೆ, ಗದ್ದದ ಮೇಲೆ ಮೊಡವೆ ಹೋಗ್ತಿಲ್ಲ. ಮುಖ ಒಣಗಿ ಬಿಗಿಯುತ್ತೆ, ಕಣ್ಣಂಚಲ್ಲಿ ಗೆರೆ ಶುರುವಾಗಿದೆ. ಸ್ಯಾಲಿಸಿಲಿಕ್ ಫೇಸ್‌ವಾಶ್ ಎರಡು ಹೊತ್ತು, ರಾತ್ರಿ ಬೆಂಜಾಯಿಲ್ ಪೆರಾಕ್ಸೈಡ್ 5% ಹಚ್ತೀನಿ. ಚರ್ಮ ಹಾಳಾಗದ ಹಾಗೆ ಏನು ಮಾಡ್ಲಿ?

ಮೊದಲು ಆ ಎರಡನ್ನೂ ಎರಡು ವಾರ ಬಿಡಿ. ಚಿಕ್ಕಮಗಳೂರಲ್ಲಿ ನಮ್ಮದು ಮೆಡಿಕಲ್ ಸ್ಟೋರ್, ನಾನು ಫಾರ್ಮಸಿಸ್ಟ್. ಚಳಿಗಾಲದ ಒಣಗಾಳಿ ಶುರುವಾದರೆ ನಿಮ್ಮ ಥರದ ಮುಖಗಳು ಕೌಂಟರ್‌ಗೆ ಬರುತ್ತಲೇ ಇರುತ್ತವೆ. ಹದಿನೆಂಟರ ಎಣ್ಣೆ ಚರ್ಮಕ್ಕೆ ಒಗ್ಗುವ ಮದ್ದು ಒಣ ಚರ್ಮವನ್ನು ಉರಿಸುತ್ತದೆ.

ಬೆಳಿಗ್ಗೆ ಬರೀ ನೀರು, ಸಂಜೆ ಒಮ್ಮೆ ನೊರೆ ಕಡಿಮೆ ಬರುವ ಸೌಮ್ಯ ಫೇಸ್‌ವಾಶ್. ಮುಖ ಇನ್ನೂ ತೇವವಾಗಿರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ ಇರುವ ಮಾಯಿಶ್ಚರೈಸರ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ. ಎರಡು ವಾರ ಕಳೆದ ಮೇಲೆ ಕಿಟಕಿ ಬೆಳಕಲ್ಲಿ ಕಣ್ಣಂಚು ನೋಡಿಕೊಳ್ಳಿ. ತಿಳಿಯಾದ ಗೆರೆಗಳು ಒಣಗಿದ್ದರಿಂದ ಬಂದವು. ಉಳಿದದ್ದರಲ್ಲಿ ಬಿಸಿಲಿನ ಪಾಲು ದೊಡ್ಡದು.

ಆಮೇಲೆ ಚರ್ಮದ ಡಾಕ್ಟರಿಗೆ ತೋರಿಸಿ, ಅಡಾಪಲೀನ್ 0.1% ಆಗಬಹುದಾ ಅಂತ ಕೇಳಿ. ಜೆಲ್‌ಗಿಂತ ಕ್ರೀಮ್ ರೂಪ ಒಣ ಚರ್ಮಕ್ಕೆ ಹಿತ. ಇದು ರೆಟಿನಾಯ್ಡ್ ಜಾತಿಯ ಮದ್ದು. ಹಚ್ಚಿದಾಗ ಸಿಪ್ಪೆ ಏಳುವುದು ನೋಡಿ "ಚರ್ಮ ತೆಳುವಾಗುತ್ತೆ" ಅಂತ ಹೆದರುತ್ತಾರೆ. ಏಳುವುದು ಮೇಲಿನ ಸತ್ತ ಪದರ ಮಾತ್ರ. ಗೆರೆಗೇ ಅಂತ ಡಾಕ್ಟರುಗಳು ಬರೆಯುವ ಟ್ರೆಟಿನಾಯಿನ್ ಕೂಡ ಇದೇ ಜಾತಿಯದು. ಅಡಾಪಲೀನ್ ಅದಕ್ಕಿಂತ ಸೌಮ್ಯ.

ಹಚ್ಚುವ ಕ್ರಮವೇ ಮುಖ್ಯ. ಅಡಾಪಲೀನ್ ಹಚ್ಚುವ ರಾತ್ರಿ ಮಾತ್ರ ಮುಖ ಪೂರ್ತಿ ಒಣಗಲಿ, ಮೊದಲು ಮಾಯಿಶ್ಚರೈಸರ್. ಅದರ ಮೇಲೆ ಬಟಾಣಿ ಕಾಳಿನಷ್ಟೇ ಅಡಾಪಲೀನ್, ಇಡೀ ಮುಖಕ್ಕೆ ತೆಳ್ಳಗೆ. ಮೊಡವೆಯ ಮೇಲಷ್ಟೇ ಚುಕ್ಕಿ ಇಡಬೇಡಿ. ಕಣ್ಣಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಟ್ಟುಬಿಡಿ. ಮೊದಲೆರಡು ವಾರ ಮಂಗಳವಾರ, ಶುಕ್ರವಾರ ರಾತ್ರಿ ಸಾಕು. ತಡೆದುಕೊಂಡರೆ ರಾತ್ರಿ ಬಿಟ್ಟು ರಾತ್ರಿ.

ಶುರುವಿನ ಕೆಲವು ವಾರ ಮೊಡವೆ ಸ್ವಲ್ಪ ಹೆಚ್ಚಾಗಬಹುದು, ಅದಕ್ಕೆ ನಿಲ್ಲಿಸಬೇಡಿ. ಆದರೆ ನೀರು ತಾಗಿದರೇ ಉರಿ, ಮರುದಿನವೂ ಕೆಂಪು ಇದ್ದರೆ ಅತಿಯಾಯಿತು ಅಂತ ಅರ್ಥ. ಪೂರ್ತಿ ಶಮನವಾಗುವವರೆಗೆ ಬಿಟ್ಟು, ವಾರಕ್ಕೊಮ್ಮೆಯಿಂದ ಮತ್ತೆ ಶುರುಮಾಡಿ. ಫಲ ಅಳೆಯುವುದು 12 ವಾರಕ್ಕೆ, ಅದಕ್ಕೆ ಮುಂಚೆ ಅಲ್ಲ. ಹಗಲಿಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬೇಕೇ ಬೇಕು, ಮೋಡದ ದಿನವೂ.

ಗರ್ಭಿಣಿಯಾಗಿದ್ದರೆ, ಮಗುವಿಗೆ ಪ್ರಯತ್ನಿಸುತ್ತಿದ್ದರೆ ಅಡಾಪಲೀನ್ ಬೇಡ. ಅಜೆಲಾಯಿಕ್ ಆಸಿಡ್ ಬಗ್ಗೆ ಕೇಳಿ, ಮೊಡವೆ ಬಿಟ್ಟುಹೋದ ಕಪ್ಪು ಕಲೆಗೂ ಅದು ಒಳ್ಳೆಯದು. ಮುಟ್ಟು ಏರುಪೇರಾಗಿದ್ದರೆ, ಗದ್ದದ ಮೇಲೆ ಗಟ್ಟಿ ಕೂದಲು ಬರುತ್ತಿದ್ದರೆ ಹಾರ್ಮೋನ್ ಪರೀಕ್ಷೆಯೂ ಆಗಲಿ.

ಚರ್ಮವನ್ನು ನಿಜಕ್ಕೂ ತೆಳುಮಾಡುವುದು, ಯಾರೋ ಹೇಳಿದರು ಅಂತ ಹಚ್ಚಿಕೊಳ್ಳುವ ಸ್ಟಿರಾಯ್ಡ್ ಮಿಶ್ರಣದ "ಫೇರ್‌ನೆಸ್" ಕ್ರೀಮು. ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಕಂಡರೆ ಡಾಕ್ಟರ್ ಬರೆದುಕೊಡದೆ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಹೇಗೆ ಬಿಡಬೇಕು ಅಂತ ಅವರನ್ನೇ ಕೇಳಿ, ಏಕಾಏಕಿ ಬಿಟ್ಟರೆ ಮುಖ ಕೆಂಪಗಾಗಿ ಮೊಡವೆ ಒಟ್ಟಿಗೇ ಏಳುತ್ತವೆ.