ಪಕ್ಕಪಕ್ಕ ಇಟ್ಟ ಎರಡು ಸ್ಕ್ರೀನ್‌ಶಾಟ್‌ಗಳು

ಪ್ರಶ್ನೆ: ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ನನಗೆ 600ಕ್ಕೆ 471. ಕೇಂದ್ರ ಸರ್ಕಾರದ ಪದವಿ ವಿದ್ಯಾರ್ಥಿವೇತನದ ಸೂಚನೆಯ ಸ್ಕ್ರೀನ್‌ಶಾಟ್ ಮತ್ತು ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಹೋಲಿಸಿ ನೋಡಿದೆ. ಅಲ್ಲಿ 80 ಎಂದಿದೆ, ನನ್ನದು 78.5. ಇದನ್ನು ಬಿಟ್ಟು ಬೇರೆ ವಿದ್ಯಾರ್ಥಿವೇತನ ಹುಡುಕಲೇ?

2018ರಲ್ಲಿ ನನ್ನದು 468, ಅಂದರೆ ಶೇ. 78. ವಿಭಾಗವೂ ಕಲೆಯೇ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಸೂಚನೆಯ ಸ್ಕ್ರೀನ್‌ಶಾಟ್ ಹಾಕಿದ್ದರು. ಅಣ್ಣನ ಮೊಬೈಲಿನಲ್ಲಿ ಅದನ್ನು, ನನ್ನದರಲ್ಲಿ ಅಂಕಪಟ್ಟಿಯನ್ನು ತೆರೆದು ಎರಡನ್ನೂ ಚಾಪೆಯ ಮೇಲಿಟ್ಟು ನೋಡಿದೆ. ಶೇಕಡಾ ಎರಡು ಕಡಿಮೆ. ‘ಹೋಗಲಿ ಬಿಡು’ ಎಂದ ಅಣ್ಣ. ಬಿಟ್ಟೆ.

ಆ ಚಿತ್ರದಲ್ಲಿ ನಾನು ಓದಿದ್ದು ‘80 ಪರ್ಸೆಂಟ್’ ಎಂದು. ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ಕಳಿಸಿದವರು ದೊಡ್ಡದಾಗಿ ಕಾಣಲೆಂದು ಅಂಚು ಕತ್ತರಿಸಿದ್ದರು. ಕತ್ತರಿಗೆ ಸಿಕ್ಕಿದ್ದು ಆ ಪದದ ಕೊನೆಯ ಮೂರೇ ಅಕ್ಷರ. ಪೂರ್ತಿ ಪದ ‘ಪರ್ಸೆಂಟೈಲ್’. ಸುಳಿವೊಂದು ಉಳಿದಿತ್ತು: 80ರ ತಲೆಯ ಪಕ್ಕ ಪುಟ್ಟದಾಗಿ ‘ಟಿಎಚ್’ ಎಂದಿತ್ತು. ಶೇಕಡಾ ಎಂಬತ್ತನ್ನು ಯಾರೂ ‘80ನೆಯ ಶೇಕಡಾ’ ಎನ್ನುವುದಿಲ್ಲ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಕನ್ನಡದಲ್ಲಿ ಹರಿದಾಡುವ ಸಂದೇಶಗಳಲ್ಲಂತೂ ಇದು ‘ಶೇ. 80’ ಆಗಿಯೇ ಬರುತ್ತದೆ. ನಿಮಗೆ ಬಂದದ್ದೂ ಅಂಥದ್ದೇ ಇರಬೇಕು.

ಶೇಕಡಾ ಎಂದರೆ ನಿಮ್ಮ ಅಂಕ. ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ನಿಮ್ಮ ಜಾಗ. ಒಂದು ವಿಭಾಗದಲ್ಲಿ ತೇರ್ಗಡೆಯಾದವರು ಹತ್ತೇ ಜನ ಎಂದುಕೊಳ್ಳಿ. ಅವರನ್ನು ಅಂಕದ ಪ್ರಕಾರ ನಿಲ್ಲಿಸಿದರೆ ಮೊದಲನೆಯವಳಿಗೆ 540, ಎರಡನೆಯವನಿಗೆ 452, ಮೂರನೆಯವನಿಗೆ 448, ಉಳಿದವರಿಗೆ ಅದಕ್ಕಿಂತ ಕಡಿಮೆ. 80ನೆಯ ಪರ್ಸೆಂಟೈಲಿನ ಮೇಲೆ ನಿಲ್ಲುವುದು ಮೇಲಿನ ಐದನೇ ಒಂದು ಭಾಗ, ಅಂದರೆ ಇಬ್ಬರು. 452 ಎಂದರೆ ಶೇ. 75.3 ಮಾತ್ರ, ಆದರೂ ಅವನು ಒಳಗೆ. ಇನ್ನೊಂದು ವಿಭಾಗದಲ್ಲಿ ಮೊದಲ ಮೂವರದು 570, 562, 551 ಎಂದಿರಲಿ. 551 ಸುಮಾರು ಶೇ. 92, ಆದರೂ ಅವಳು ಹೊರಗೆ. ಅನುತ್ತೀರ್ಣರಾದವರು ಈ ಸಾಲಿನಲ್ಲೇ ಇರುವುದಿಲ್ಲ. ಕಲಾ ವಿಭಾಗದವರನ್ನು ವಿಜ್ಞಾನದವರ ಜೊತೆ ನಿಲ್ಲಿಸುವುದೂ ಇಲ್ಲ.

ಆದ್ದರಿಂದ ನಿಮ್ಮ ಹೋಲಿಕೆಯೇ ತಪ್ಪು. ಅಂಕಪಟ್ಟಿಯಲ್ಲಿ ವಿಷಯವಾರು ಅಂಕ, ಒಟ್ಟು ಅಂಕ, ದರ್ಜೆ ಇರುತ್ತವೆ. ಸಾಲಿನಲ್ಲಿ ನಿಮ್ಮ ಜಾಗ ಅಲ್ಲಿ ಎಲ್ಲಿಯೂ ಇರುವುದಿಲ್ಲ. ಎರಡು ಚಿತ್ರಗಳನ್ನು ಎಷ್ಟು ಹಿಗ್ಗಿಸಿ ನೋಡಿದರೂ ಉತ್ತರ ಸಿಗದು. ಬೇಕಾದದ್ದು ಮೂರನೆಯದು: ನೀವು ತೇರ್ಗಡೆಯಾದ ವರ್ಷದ, ನಿಮ್ಮ ಪರೀಕ್ಷಾ ಮಂಡಳಿಯ, ನಿಮ್ಮ ವಿಭಾಗದ ಕಟ್-ಆಫ್ ಅಂಕ. ನಿಮ್ಮ 471 ಅನ್ನು ಅದರ ಎದುರಿಗೆ ಇಡಿ. ಹಳೆಯ ವರ್ಷದ್ದು ಬೇಡ, ಗೆರೆ ಪ್ರತಿ ವರ್ಷ ಸರಿಯುತ್ತದೆ.

ನನಗೆ ಇದು ಗೊತ್ತಾದದ್ದು ಮರುವರ್ಷ. ಕಲಾ ವಿಭಾಗದ ಸಹಪಾಠಿಯೊಬ್ಬಳು ಬ್ಯಾಂಕಿಗೆ ಹತ್ತು ಸಾವಿರ ಬಂತೆಂದಳು. ಅವಳದು 461! ಏಳು ಅಂಕ ಕಡಿಮೆ ಇದ್ದವಳಿಗೆ ಹೇಗೆ ಸಿಕ್ಕಿತೆಂದು ಕೇಳಿದರೆ, ‘ಅರ್ಜಿ ಹಾಕಿದ್ದೆ’ ಎಂದಳು. ಕಾಲೇಜಿನ ಕಚೇರಿಗೆ ಓಡಿದೆ. ಹೊಸ ಅರ್ಜಿ ಪದವಿಯ ಮೊದಲ ವರ್ಷದಲ್ಲಿ ಮಾತ್ರ, ಆಮೇಲೆ ಇರುವುದು ಸಿಕ್ಕವರಿಗೆ ನವೀಕರಣ ಎಂದರು ಗುಮಾಸ್ತರು. ಆಗ ಪದವಿಯ ಮೂರು ವರ್ಷಕ್ಕೆ ವರ್ಷಕ್ಕೆ 10,000 ರೂಪಾಯಿ, ಈಗ 12,000. ಮೂವತ್ತು ಸಾವಿರ, ಮೂರು ಅಕ್ಷರಕ್ಕೆ. ಆ ಮೂರು ವರ್ಷ ನಾನು ರಜೆಯ ದಿನಗಳಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಅಲ್ಲಿ ಇತರರ ವಿದ್ಯಾರ್ಥಿವೇತನದ ಅರ್ಜಿಗಳ ಪ್ರತಿ ತೆಗೆಯುವಾಗಲೆಲ್ಲ ಆ ಚಾಪೆ ನೆನಪಾಗುತ್ತಿತ್ತು.

ಗೆರೆ ದಾಟಿದ ಮಾತ್ರಕ್ಕೆ ಹಣ ಬರುವುದಿಲ್ಲ ಎಂಬುದೂ ನಿಜ. ರಾಜ್ಯಕ್ಕೆ ಇಷ್ಟೇ ಎಂಬ ಮಿತಿ ಇದೆ. ಅದನ್ನು ವಿಜ್ಞಾನ, ವಾಣಿಜ್ಯ, ಕಲೆಗಳಿಗೆ 3:2:1ರಂತೆ ಹಂಚಿ, ಅರ್ಹರಲ್ಲಿ ಅಂಕದ ಕ್ರಮದಲ್ಲಿ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ದಾಟಿರಬಾರದು, ಓದು ದೂರಶಿಕ್ಷಣದ್ದಾಗಿರಬಾರದು. ಸ್ಕ್ರೀನ್‌ಶಾಟಿನಲ್ಲಿ ಮೊದಲು ಕತ್ತರಿಗೆ ಸಿಗುವುದೂ ಇಂಥ ಸಾಲುಗಳೇ. ಹಾಗಾಗಿ ಸೂಚನೆಯನ್ನು scholarships.gov.in ತಾಣದಲ್ಲೇ ತೆರೆದು ಪೂರ್ತಿ ಓದಿ.

ಬೇರೆಯದನ್ನು ಹುಡುಕುವುದು ಆಮೇಲಿನ ಮಾತು, ಮೊದಲು ಇದಕ್ಕೆ ಅರ್ಜಿ ಹಾಕಿ. ಆಗಲಿಲ್ಲವೆಂದರೆ ಹೋಗುವುದು ಒಂದು ಮಧ್ಯಾಹ್ನ. ಹಾಕಿದ ಮೇಲೆ ಮುದ್ರಿತ ಪ್ರತಿ ಮತ್ತು ದಾಖಲೆಗಳನ್ನು ಹಿಡಿದುಕೊಂಡು ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವವರ ಬಳಿ ಹೋಗಿ. ಕಾಲೇಜು ಪರಿಶೀಲಿಸಿ ಕಳಿಸದ ಅರ್ಜಿ ಅಲ್ಲಿಯೇ ಉಳಿಯುತ್ತದೆ, ಮತ್ತು ಅವರಿಗೂ ಪ್ರತ್ಯೇಕ ಕೊನೆಯ ದಿನಾಂಕ ಇರುತ್ತದೆ.